ಸಾಂಖ್ಯಿಕ ಮಹತ್ವ ಮತ್ತು ವ್ಯಾವಹಾರಿಕ ಮಹತ್ವ

ಸಾಂಖ್ಯಿಕ ಮಹತ್ವ ಮತ್ತು ವ್ಯಾವಹಾರಿಕ ಮಹತ್ವ ಎಂಬುವು ಸಂಖ್ಯಾಶಾಸ್ತ್ರದಲ್ಲಿ ಒಂದು ಅಧ್ಯಯನದ ಫಲಿತಾಂಶವನ್ನು ಅರ್ಥೈಸುವಾಗ ಕೇಳಬೇಕಾದ ಎರಡು ಬೇರೆ ಬೇರೆ ಪ್ರಶ್ನೆಗಳಿಗೆ ಸಂಬಂಧಿಸಿದ ಪರಿಕಲ್ಪನೆಗಳು. ಎರಡು ಗುಂಪುಗಳ ನಡುವೆ ಕಂಡುಬಂದ ವ್ಯತ್ಯಾಸವು ಕೇವಲ ಆಕಸ್ಮಿಕವಾಗಿ ಉಂಟಾಗಿರಬಹುದೇ ಎಂಬುದು ಮೊದಲನೆಯ ಪ್ರಶ್ನೆ. ಆ ವ್ಯತ್ಯಾಸವು ಒಂದು ನಿರ್ಧಾರವನ್ನು ಬದಲಿಸುವಷ್ಟು ದೊಡ್ಡದೇ ಎಂಬುದು ಎರಡನೆಯ ಪ್ರಶ್ನೆ. ಮೊದಲನೆಯದಕ್ಕೆ ಸಾಮಾನ್ಯವಾಗಿ ಪಿ-ಮೌಲ್ಯದ ಮೂಲಕ ಉತ್ತರ ಹುಡುಕಲಾಗುತ್ತದೆ. ಎರಡನೆಯದಕ್ಕೆ ವ್ಯತ್ಯಾಸದ ಅಳತೆಯೇ ಬೇಕು. ಆ ಅಳತೆಯನ್ನು ಮೂಲ ಮಾನದಲ್ಲಿ (ಸೆಂಟಿಮೀಟರ್, ರೂಪಾಯಿ, ಮರಣಗಳ ಸಂಖ್ಯೆ) ಹೇಳಬಹುದು. ಇಲ್ಲವೇ ದತ್ತಾಂಶದ ಮಾನಕ ವಿಚಲನೆಯಿಂದ ಭಾಗಿಸಿ ಮಾನಕೀಕೃತ ಪರಿಣಾಮ ಗಾತ್ರವಾಗಿ ಹೇಳಬಹುದು.

ಮಾದರಿ ಚಿಕ್ಕದಾಗಿರುವಾಗ ಈ ಎರಡು ಪ್ರಶ್ನೆಗಳ ಉತ್ತರಗಳು ಬಹುಮಟ್ಟಿಗೆ ಜೊತೆಯಾಗಿ ಸಾಗುತ್ತವೆ, ಏಕೆಂದರೆ ಚಿಕ್ಕ ಮಾದರಿಯಲ್ಲಿ ದೊಡ್ಡ ವ್ಯತ್ಯಾಸಗಳು ಮಾತ್ರ ಸಾಂಖ್ಯಿಕ ಮಹತ್ವ ಪಡೆಯುತ್ತವೆ. ಮಾದರಿಯಲ್ಲಿ ಹತ್ತಾರು ಸಾವಿರ ಅಥವಾ ಲಕ್ಷಾಂತರ ಘಟಕಗಳಿದ್ದಾಗ ಇವೆರಡೂ ಬೇರ್ಪಡುತ್ತವೆ. ಆಗ ಅತ್ಯಲ್ಪ ವ್ಯತ್ಯಾಸವೂ ಸಾಂಖ್ಯಿಕವಾಗಿ ಮಹತ್ವದ್ದೆಂದು ತೋರುತ್ತದೆ.

## ಮೂಲ ಪರಿಕಲ್ಪನೆ

ಎರಡು ಗುಂಪುಗಳ ಸರಾಸರಿಗಳನ್ನು ಹೋಲಿಸುವ ಸರಳ ಪರೀಕ್ಷೆಯಲ್ಲಿ ಮೊದಲು ಗುಂಪುಗಳ ನಡುವೆ ನಿಜವಾಗಿ ಯಾವ ವ್ಯತ್ಯಾಸವೂ ಇಲ್ಲವೆಂದು ಊಹಿಸಿಕೊಳ್ಳಲಾಗುತ್ತದೆ. ಇದನ್ನು ಶೂನ್ಯ ಪ್ರಾಕ್ಕಲ್ಪನೆ ಎನ್ನುತ್ತಾರೆ. ಈ ಊಹೆ ನಿಜವಾಗಿದ್ದರೆ, ಈಗ ಕಂಡಷ್ಟು ಅಥವಾ ಅದಕ್ಕಿಂತ ದೊಡ್ಡ ವ್ಯತ್ಯಾಸ ಕಾಣುವ ಸಂಭವನೀಯತೆಯೇ ಪಿ-ಮೌಲ್ಯ. ಅದು 0.05ಕ್ಕಿಂತ ಕಡಿಮೆಯಿದ್ದರೆ ಫಲಿತಾಂಶವನ್ನು ಸಾಂಖ್ಯಿಕವಾಗಿ ಮಹತ್ವದ್ದೆಂದು ಕರೆಯುವ ರೂಢಿಯಿದೆ. ರೊನಾಲ್ಡ್ ಫಿಷರ್ 1925ರಲ್ಲಿ ಪ್ರಕಟಿಸಿದ, ಸಂಶೋಧಕರಿಗಾಗಿ ಬರೆದ ಸಂಖ್ಯಾಶಾಸ್ತ್ರದ ಕೈಪಿಡಿಯ ನಂತರ ಈ ರೂಢಿ ವ್ಯಾಪಕವಾಯಿತು.

ಎರಡು ಗುಂಪುಗಳಲ್ಲಿಯೂ ಸಮಸಂಖ್ಯೆಯ ಘಟಕಗಳಿದ್ದು ಮಾನಕ ವಿಚಲನೆಯೂ ಒಂದೇ ಆಗಿದ್ದರೆ, ಲೆಕ್ಕವನ್ನು ಹೀಗೆ ಬರೆಯಬಹುದು:

```
d = (M2 - M1) / s
z = d × √(n / 2)
```

ಇಲ್ಲಿ `M1` ಮತ್ತು `M2` ಎರಡು ಗುಂಪುಗಳ ಸರಾಸರಿಗಳು, `s` ಮಾನಕ ವಿಚಲನೆ, `n` ಪ್ರತಿ ಗುಂಪಿನಲ್ಲಿರುವ ಘಟಕಗಳ ಸಂಖ್ಯೆ. `d` ಎಂಬುದು ಮಾನಕೀಕೃತ ಪರಿಣಾಮ ಗಾತ್ರ. ಇದನ್ನು ಕೊಹೆನ್‌ನ ಡಿ ಎಂದು ಕರೆಯುತ್ತಾರೆ. `z` ದೊಡ್ಡದಾದಷ್ಟೂ ಪಿ-ಮೌಲ್ಯ ಚಿಕ್ಕದಾಗುತ್ತದೆ, `z` 1.96ನ್ನು ದಾಟಿದಾಗ ಪಿ-ಮೌಲ್ಯ 0.05ಕ್ಕಿಂತ ಕೆಳಗಿಳಿಯುತ್ತದೆ.

ಎರಡನೆಯ ಸಾಲಿನಿಂದ ಒಂದು ಸಂಗತಿ ಸ್ಪಷ್ಟವಾಗುತ್ತದೆ. ಪಿ-ಮೌಲ್ಯವನ್ನು ನಿರ್ಧರಿಸುವ `z` ಎರಡು ಸಂಗತಿಗಳ ಗುಣಲಬ್ಧ: ಒಂದು ವ್ಯತ್ಯಾಸದ ಗಾತ್ರ, ಇನ್ನೊಂದು ಮಾದರಿಯ ಗಾತ್ರ. ಆದ್ದರಿಂದ ಪಿ-ಮೌಲ್ಯವೊಂದನ್ನೇ ನೋಡಿದವರಿಗೆ ಅದು ಚಿಕ್ಕದಾದದ್ದು ವ್ಯತ್ಯಾಸ ದೊಡ್ಡದಿದ್ದುದರಿಂದಲೋ, ಮಾದರಿ ದೊಡ್ಡದಿದ್ದುದರಿಂದಲೋ ಎಂಬುದು ತಿಳಿಯುವುದಿಲ್ಲ. `d` ಮಾತ್ರ ಮಾದರಿಯ ಗಾತ್ರವನ್ನು ಅವಲಂಬಿಸಿಲ್ಲ. ಮಾದರಿ ಬೆಳೆದಂತೆ ಅದರ ಅಂದಾಜು ಹೆಚ್ಚು ನಿಖರವಾಗುತ್ತದೆಯೇ ಹೊರತು ಅದು ಒಂದೇ ದಿಕ್ಕಿನಲ್ಲಿ ಏರುತ್ತಾ ಹೋಗುವುದಿಲ್ಲ.

## ಲೆಕ್ಕದ ಉದಾಹರಣೆ: ಬಂಗುಡೆಯ ಉದ್ದ

ಕರ್ನಾಟಕದ ಕರಾವಳಿಯಲ್ಲಿ ಪ್ರತಿವರ್ಷ ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರಿಕ ದೋಣಿಗಳ ಮೀನುಗಾರಿಕೆಗೆ ನಿಷೇಧವಿರುತ್ತದೆ. ಉತ್ತರ ಕನ್ನಡ ಜಿಲ್ಲೆಯ ಭಟ್ಕಳ ತಾಲ್ಲೂಕಿನ ತೆಂಗಿನಗುಂಡಿಯಂತಹ ಮೀನುಗಾರಿಕೆ ಬಂದರಿನಲ್ಲಿ ಈ ಅವಧಿಯನ್ನು ಇನ್ನೂ ಕೆಲವು ದಿನ ವಿಸ್ತರಿಸಿದರೆ, ನಂತರ ಸಿಗುವ ಬಂಗುಡೆ ಮೀನು ಹೆಚ್ಚು ಉದ್ದವಾಗಿರುತ್ತದೆಯೇ ಎಂಬ ಪ್ರಶ್ನೆಯನ್ನು ತೆಗೆದುಕೊಳ್ಳಬಹುದು. ನಿಷೇಧದ ಪ್ರತಿಯೊಂದು ಹೆಚ್ಚುವರಿ ದಿನವೂ ದೋಣಿಯ ಕೆಲಸಗಾರರಿಗೆ ದುಡಿಮೆಯಿಲ್ಲದ ದಿನವಾದುದರಿಂದ, ಲಾಭ ಎಷ್ಟೆಂಬುದು ಇಲ್ಲಿ ಮುಖ್ಯವಾಗುತ್ತದೆ. ಈ ಭಾಗದಲ್ಲಿ ಬಳಸಿರುವ ಅಂಕಿಗಳು ಲೆಕ್ಕವನ್ನು ವಿವರಿಸಲು ಕಲ್ಪಿಸಿಕೊಂಡವು. ಅವು ಯಾವುದೇ ಸಮೀಕ್ಷೆಯ ಫಲಿತಾಂಶಗಳಲ್ಲ.

ಸಾಮಾನ್ಯ ವರ್ಷದಲ್ಲಿ ಬಂದರಿಗೆ ಬಂದ ಬಂಗುಡೆಯ ಸರಾಸರಿ ಉದ್ದ 20.00 ಸೆಂ.ಮೀ., ನಿಷೇಧ ವಿಸ್ತರಿಸಿದ ವರ್ಷದಲ್ಲಿ 20.05 ಸೆಂ.ಮೀ. ಎಂದಿರಲಿ. ಎರಡೂ ವರ್ಷಗಳಲ್ಲಿ ಮಾನಕ ವಿಚಲನೆ 2.5 ಸೆಂ.ಮೀ. ಆಗಿರಲಿ. ಆಗ ವ್ಯತ್ಯಾಸ ಅರ್ಧ ಮಿಲಿಮೀಟರ್; `d` = 0.05 / 2.5 = 0.02. ಇದೇ ವ್ಯತ್ಯಾಸ ಬೇರೆ ಬೇರೆ ಗಾತ್ರದ ಮಾದರಿಗಳಲ್ಲಿ ಕಂಡುಬಂದಿದ್ದರೆ ಪರೀಕ್ಷೆಯ ತೀರ್ಪು ಹೇಗಿರುತ್ತಿತ್ತು ಎಂಬುದನ್ನು ಕೆಳಗಿನ ಕೋಷ್ಟಕ ತೋರಿಸುತ್ತದೆ.

| ಪ್ರತಿ ವರ್ಷ ಅಳೆದ ಮೀನುಗಳು | ವ್ಯತ್ಯಾಸ | `d` | `z` | ಪಿ-ಮೌಲ್ಯ |
|---|---|---|---|---|
| 100 | 0.5 ಮಿ.ಮೀ. | 0.02 | 0.14 | 0.89 |
| 10,000 | 0.5 ಮಿ.ಮೀ. | 0.02 | 1.41 | 0.16 |
| 40,000 | 0.5 ಮಿ.ಮೀ. | 0.02 | 2.83 | 0.005 |
| 1,00,000 | 0.5 ಮಿ.ಮೀ. | 0.02 | 4.47 | 0.00001ಕ್ಕಿಂತ ಕಡಿಮೆ |

ಮೀನುಗಳಲ್ಲಿ ಏನೂ ಬದಲಾಗಿಲ್ಲ. ಬದಲಾದದ್ದು ಅಳೆದವುಗಳ ಸಂಖ್ಯೆ ಮಾತ್ರ. `d` 0.02 ಇರುವಾಗ ಪ್ರತಿ ಗುಂಪಿನಲ್ಲಿ ಸುಮಾರು 19,200 ಮೀನುಗಳಾದೊಡನೆ ಫಲಿತಾಂಶವು 0.05ರ ಗೆರೆಯನ್ನು ದಾಟುತ್ತದೆ. `d` 0.2 ಆಗಿದ್ದರೆ 190ಕ್ಕೂ ಸ್ವಲ್ಪ ಹೆಚ್ಚು ಮೀನುಗಳು ಸಾಕಾಗುತ್ತಿದ್ದವು. ಪರಿಣಾಮ ಹತ್ತನೆಯ ಒಂದು ಭಾಗಕ್ಕೆ ಇಳಿದರೆ ಅದನ್ನು ಗುರುತಿಸಲು ನೂರು ಪಟ್ಟು ದೊಡ್ಡ ಮಾದರಿ ಬೇಕಾಗುತ್ತದೆ. ಅಂಥ ಮಾದರಿ ದೊರೆತರೆ ಎಷ್ಟೇ ಚಿಕ್ಕ ವ್ಯತ್ಯಾಸವೂ ಮಹತ್ವದ್ದೆಂದು ಘೋಷಿತವಾಗುತ್ತದೆ.

### ವ್ಯತ್ಯಾಸದ ಅರ್ಥ

0.02 ಎಂಬ ಪರಿಣಾಮ ಗಾತ್ರವನ್ನು ಸಾಮಾನ್ಯ ಭಾಷೆಗೆ ತರಲು ಒಂದು ಮಾರ್ಗವಿದೆ. ಎರಡು ವರ್ಷಗಳ ಮೀನುಗಳಿಂದ ಕಣ್ಣುಮುಚ್ಚಿ ಒಂದೊಂದನ್ನು ಎತ್ತಿಕೊಂಡು ಜೋಡಿ ಮಾಡಿ, ಯಾವುದು ಉದ್ದವೆಂದು ನೋಡಿದರೆ, ಉದ್ದಗಳು ಸಾಮಾನ್ಯ ವಿತರಣೆಯಲ್ಲಿವೆ ಎಂದಾದಲ್ಲಿ, 10,000 ಜೋಡಿಗಳಲ್ಲಿ ಸುಮಾರು 5,056 ಸಲ ವಿಸ್ತರಿಸಿದ ವರ್ಷದ ಮೀನು ಉದ್ದವಾಗಿರುತ್ತದೆ, 4,944 ಸಲ ಗಿಡ್ಡವಾಗಿರುತ್ತದೆ. ವ್ಯತ್ಯಾಸವೇ ಇಲ್ಲದಿದ್ದರೆ ಎರಡೂ 5,000 ಆಗಿರುತ್ತಿದ್ದವು.

ಮೂಲ ಮಾನದಲ್ಲಿಯೂ ಇದನ್ನು ನೋಡಬಹುದು. ಮೀನಿನ ತೂಕ ಹೆಚ್ಚುಕಡಿಮೆ ಉದ್ದದ ಘನಕ್ಕೆ ಅನುಪಾತದಲ್ಲಿರುತ್ತದೆ. ಉದ್ದ ಶೇ 0.25ರಷ್ಟು ಹೆಚ್ಚಿದರೆ ತೂಕ ಸುಮಾರು ಶೇ 0.75ರಷ್ಟು ಹೆಚ್ಚುತ್ತದೆ. ನೂರು ಗ್ರಾಂ ತೂಗುವ ಮೀನಿನಲ್ಲಿ ಇದು ಮುಕ್ಕಾಲು ಗ್ರಾಂ. ಹರಾಜಿನಲ್ಲಿ ಬುಟ್ಟಿಯ ಮೀನನ್ನು ಕಣ್ಣಳತೆಯಿಂದ ದೊಡ್ಡದು ಸಣ್ಣದು ಎಂದು ಬೇರ್ಪಡಿಸುವವರಿಗೆ ಅರ್ಧ ಮಿಲಿಮೀಟರಿನ ವ್ಯತ್ಯಾಸ ಗೋಚರಿಸುವುದಿಲ್ಲ, ಹಾಗಾಗಿ ದರವೂ ಬದಲಾಗುವುದಿಲ್ಲ. ಪಿ-ಮೌಲ್ಯ 0.00001ಕ್ಕಿಂತ ಕಡಿಮೆಯಿದ್ದರೂ ಈ ಫಲಿತಾಂಶವೊಂದೇ ನಿಷೇಧವನ್ನು ವಿಸ್ತರಿಸಲು ಆಧಾರವಾಗಲಾರದು.

## ದೊಡ್ಡ ಮಾದರಿಯಲ್ಲಿ ಅಡಗುವ ದೋಷಗಳು

ಮಾದರಿ ದೊಡ್ಡದಾದಷ್ಟೂ ಆಕಸ್ಮಿಕ ದೋಷ ಕುಗ್ಗುತ್ತದೆ. ಆದರೆ ಅಳತೆಯಲ್ಲಿ ಒಂದೇ ದಿಕ್ಕಿಗೆ ವಾಲಿದ ದೋಷ, ಅಂದರೆ ಪೂರ್ವಾಗ್ರಹ ದೋಷ, ಮಾದರಿ ಎಷ್ಟು ಬೆಳೆದರೂ ಹಾಗೆಯೇ ಉಳಿಯುತ್ತದೆ. ಮೀನಿನ ಒಟ್ಟು ಉದ್ದವನ್ನು ಮೂತಿಯ ತುದಿಯಿಂದ ಬಾಲದ ರೆಕ್ಕೆಯ ತುದಿಯವರೆಗೆ ಅಳೆಯಲಾಗುತ್ತದೆ. ಒಂದು ವರ್ಷ ಅಳೆದವರು ಬಾಲದ ಎರಡು ಕವಲುಗಳನ್ನು ಒತ್ತಿ ಹಿಡಿದು, ಇನ್ನೊಂದು ವರ್ಷ ಅಳೆದವರು ಹಾಗೆಯೇ ಹರಡಿ ಅಳೆದಿದ್ದರೆ, ಅಷ್ಟರಿಂದಲೇ ಅರ್ಧ ಮಿಲಿಮೀಟರಿಗಿಂತ ಹೆಚ್ಚಿನ ವ್ಯತ್ಯಾಸ ಬರಬಹುದು. ನೂರು ಮೀನುಗಳ ಮಾದರಿಯಲ್ಲಿ ಈ ದೋಷ ಆಕಸ್ಮಿಕ ಏರಿಳಿತದೊಳಗೆ ಮುಳುಗಿಹೋಗುತ್ತದೆ; ಲಕ್ಷ ಮೀನುಗಳ ಮಾದರಿಯಲ್ಲಿ ಅದೇ ದೋಷ ಅತ್ಯಂತ ಚಿಕ್ಕ ಪಿ-ಮೌಲ್ಯದೊಂದಿಗೆ ಹೊರಬರುತ್ತದೆ. ಆದಕಾರಣ ಅತಿ ದೊಡ್ಡ ಮಾದರಿಯಲ್ಲಿ ಅತಿ ಚಿಕ್ಕ ಪರಿಣಾಮ ಕಂಡಾಗ, ಅದು ಅಳತೆಯ ಕ್ರಮದಿಂದಲೇ ಹುಟ್ಟಬಹುದಾದ ವ್ಯತ್ಯಾಸಕ್ಕಿಂತ ದೊಡ್ಡದೇ ಎಂಬುದನ್ನು ಮೊದಲು ಪರಿಶೀಲಿಸಬೇಕಾಗುತ್ತದೆ.

ಎರಡನೆಯ ದೋಷ ಘಟಕಗಳ ಎಣಿಕೆಗೆ ಸಂಬಂಧಿಸಿದ್ದು. ಮೇಲಿನ ಸೂತ್ರವು ಪ್ರತಿಯೊಂದು ಮೀನೂ ಉಳಿದವುಗಳಿಂದ ಸ್ವತಂತ್ರವೆಂದು ಭಾವಿಸುತ್ತದೆ. ಬಂಗುಡೆ ಹಿಂಡಾಗಿ ಚಲಿಸುವ ಮೀನು. ಒಂದೇ ಬಲೆಗೆ ಬಿದ್ದ ಹಿಂಡಿನ ಮೀನುಗಳು ಬಹುಮಟ್ಟಿಗೆ ಒಂದೇ ಗಾತ್ರದವಾಗಿರುತ್ತವೆ. ಹಾಗಾಗಿ ಒಂದು ಬಲೆಯ ಐನೂರು ಮೀನುಗಳು ಐನೂರು ಸ್ವತಂತ್ರ ಸಾಕ್ಷಿಗಳಲ್ಲ. ಇದನ್ನು ಸರಿಪಡಿಸಲು ವಿನ್ಯಾಸ ಪರಿಣಾಮ ಎಂಬ ಗುಣಕವನ್ನು ಬಳಸುತ್ತಾರೆ:

```
D = 1 + (m - 1) × r
```

`m` ಎಂಬುದು ಒಂದು ಬಲೆಯಿಂದ ಅಳೆದ ಮೀನುಗಳ ಸಂಖ್ಯೆ, `r` ಎಂಬುದು ಒಂದೇ ಬಲೆಯ ಮೀನುಗಳ ನಡುವಿನ ಸಾಮ್ಯದ ಪ್ರಮಾಣ. ಮೇಲಿನ ಉದಾಹರಣೆಯ 40,000 ಮೀನುಗಳು 80 ಬಲೆಗಳಿಂದ, ತಲಾ 500ರಂತೆ ಬಂದಿದ್ದು `r` 0.1 ಆಗಿದ್ದರೆ, `D` = 50.9 ಆಗುತ್ತದೆ. ಆಗ 40,000 ಮೀನುಗಳು ಕೇವಲ 786 ಸ್ವತಂತ್ರ ಮೀನುಗಳಷ್ಟೇ ಮಾಹಿತಿ ನೀಡುತ್ತವೆ. `z` 2.83ರಿಂದ 0.40ಕ್ಕೆ ಇಳಿಯುತ್ತದೆ, ಪಿ-ಮೌಲ್ಯ 0.005ರಿಂದ ಸುಮಾರು 0.69ಕ್ಕೆ ಏರುತ್ತದೆ. ಸಾಂಖ್ಯಿಕ ಮಹತ್ವವೆಂದು ಕಂಡದ್ದು ಎಣಿಕೆಯ ತಪ್ಪಷ್ಟೇ ಆಗಿತ್ತು. ಒಂದೇ ಹಳ್ಳಿಯ ಕುಟುಂಬಗಳು, ಒಂದೇ ಶಾಲೆಯ ಮಕ್ಕಳು, ಒಂದೇ ಆಸ್ಪತ್ರೆಯ ರೋಗಿಗಳ ದತ್ತಾಂಶಕ್ಕೂ ಇದೇ ತಿದ್ದುಪಡಿ ಅನ್ವಯಿಸುತ್ತದೆ.

## ಪರಿಕಲ್ಪನೆಯ ಬೆಳವಣಿಗೆ

ಗಣಿತದ ದೃಷ್ಟಿಯ ಮಹತ್ವವೂ ವಿಜ್ಞಾನದ ದೃಷ್ಟಿಯ ಮಹತ್ವವೂ ಬೇರೆ ಬೇರೆ ಎಂಬುದನ್ನು ಅಮೆರಿಕದ ಮನಶ್ಶಾಸ್ತ್ರಜ್ಞ ಎಡ್ವಿನ್ ಬೋರಿಂಗ್ 1919ರಲ್ಲಿಯೇ ಒಂದು ಲೇಖನದಲ್ಲಿ ಚರ್ಚಿಸಿದ್ದರು.

ಭಾರತದಲ್ಲಿ ಈ ವಿಚಾರ ಪ್ರಶಾಂತಚಂದ್ರ ಮಹಾಲನೋಬಿಸ್ ಅವರ ಕೆಲಸದಲ್ಲಿ ಸ್ಪಷ್ಟ ರೂಪ ಪಡೆಯಿತು. ಜನಸಮೂಹಗಳ ದೇಹಮಾಪನಗಳನ್ನು ಹೋಲಿಸಲು ಆ ಕಾಲದಲ್ಲಿ ಕಾರ್ಲ್ ಪಿಯರ್ಸನ್ ಅವರ ಸಾದೃಶ್ಯ ಗುಣಾಂಕ ಬಳಕೆಯಲ್ಲಿತ್ತು. ಆ ಗುಣಾಂಕದ ಬೆಲೆ ಎರಡು ಸಮೂಹಗಳು ಎಷ್ಟು ದೂರದಲ್ಲಿವೆ ಎಂಬುದನ್ನು ಮಾತ್ರವಲ್ಲದೆ ಪ್ರತಿ ಸಮೂಹದಿಂದ ಎಷ್ಟು ಜನರನ್ನು ಅಳೆಯಲಾಗಿದೆ ಎಂಬುದನ್ನೂ ಅವಲಂಬಿಸಿತ್ತು. ಹೆಚ್ಚು ಜನರನ್ನು ಅಳೆದರೆ ಅದೇ ಎರಡು ಸಮೂಹಗಳು ಹೆಚ್ಚು ಭಿನ್ನವಾಗಿ ಕಾಣುತ್ತಿದ್ದವು. ಮಹಾಲನೋಬಿಸ್ 1930ರ ತಮ್ಮ ಪ್ರಬಂಧದಲ್ಲಿ ಭಿನ್ನತೆಯ ಪರೀಕ್ಷೆಯನ್ನೂ ಭಿನ್ನತೆಯ ಅಳತೆಯನ್ನೂ ಪ್ರತ್ಯೇಕಿಸಿದರು. 1936ರಲ್ಲಿ ಅವರು ಸಾಮಾನ್ಯೀಕೃತ ದೂರದ ಪರಿಕಲ್ಪನೆಯನ್ನು ಪ್ರಕಟಿಸಿದರು. ಅದೇ ಇಂದು ಮಹಾಲನೋಬಿಸ್ ದೂರವೆಂದು ಪ್ರಸಿದ್ಧವಾಗಿದೆ. ಒಂದೇ ಒಂದು ಅಳತೆಗೆ ಇದನ್ನು ಅನ್ವಯಿಸಿದರೆ ದೊರೆಯುವುದು ಸರಾಸರಿಗಳ ವ್ಯತ್ಯಾಸವನ್ನು ಮಾನಕ ವಿಚಲನೆಯಿಂದ ಭಾಗಿಸಿದ ಬೆಲೆ, ಅಂದರೆ `d`ಯ ಪರಿಮಾಣ.

`d` ಎಂಬ ಸಂಕೇತ ಮತ್ತು ಅದರ ಮಟ್ಟಗಳು ಜೇಕಬ್ ಕೊಹೆನ್ ಅವರ 1969ರ ಗ್ರಂಥದಿಂದ ಬಳಕೆಗೆ ಬಂದವು. ಅದರ ಪರಿಷ್ಕೃತ ಆವೃತ್ತಿ 1988ರಲ್ಲಿ ಪ್ರಕಟವಾಯಿತು. ಅವರು 0.2ನ್ನು ಚಿಕ್ಕ, 0.5ನ್ನು ಮಧ್ಯಮ, 0.8ನ್ನು ದೊಡ್ಡ ಪರಿಣಾಮವೆಂದು ಸೂಚಿಸಿದರು. ಇವು ರೂಢಿಯ ಮಟ್ಟಗಳೇ ಹೊರತು ನಿಯಮಗಳಲ್ಲ, ಆಯಾ ಕ್ಷೇತ್ರದಲ್ಲಿ ಇದಕ್ಕಿಂತ ಉತ್ತಮ ಆಧಾರ ಇಲ್ಲದಿದ್ದಾಗ ಮಾತ್ರ ಇವನ್ನು ಬಳಸಬೇಕು ಎಂದೂ ಅವರು ಎಚ್ಚರಿಸಿದ್ದರು. ಅಮೆರಿಕದ ಸಂಖ್ಯಾಶಾಸ್ತ್ರ ಸಂಘವು 2016ರಲ್ಲಿ ಹೊರಡಿಸಿದ ಹೇಳಿಕೆಯಲ್ಲಿ, ಪಿ-ಮೌಲ್ಯವು ಪರಿಣಾಮದ ಗಾತ್ರವನ್ನಾಗಲಿ ಫಲಿತಾಂಶದ ಪ್ರಾಮುಖ್ಯವನ್ನಾಗಲಿ ಅಳೆಯುವುದಿಲ್ಲವೆಂದು ಸ್ಪಷ್ಟಪಡಿಸಿತು.

## ಫೇಸ್‌ಬುಕ್ ಪ್ರಯೋಗ

ಅತಿ ದೊಡ್ಡ ಮಾದರಿಯಲ್ಲಿ ಅತಿ ಚಿಕ್ಕ ಮಾನಕೀಕೃತ ಪರಿಣಾಮಕ್ಕೆ ಬಹುಚರ್ಚಿತ ನಿದರ್ಶನ ಫೇಸ್‌ಬುಕ್‌ನ ಭಾವನಾ ಪ್ರಯೋಗ. ಆಡಂ ಕ್ರೇಮರ್, ಜೇಮೀ ಗಿಲ್ಲರಿ ಮತ್ತು ಜೆಫ್ರಿ ಹ್ಯಾನ್‌ಕಾಕ್ ಇದನ್ನು 2014ರಲ್ಲಿ ಅಮೆರಿಕದ ರಾಷ್ಟ್ರೀಯ ವಿಜ್ಞಾನ ಅಕಾಡೆಮಿಯ ನಿಯತಕಾಲಿಕೆಯಲ್ಲಿ ಪ್ರಕಟಿಸಿದರು. 2012ರ ಜನವರಿಯಲ್ಲಿ ಒಂದು ವಾರ ಕಾಲ 6,89,003 ಬಳಕೆದಾರರ ಪುಟದಲ್ಲಿ ಕಾಣುವ ಸಂದೇಶಗಳನ್ನು ಬದಲಿಸಲಾಯಿತು. ಕೆಲವರಿಗೆ ಸಂತೋಷದ ಪದಗಳಿರುವ ಸಂದೇಶಗಳನ್ನೂ, ಕೆಲವರಿಗೆ ದುಃಖ ಅಥವಾ ಸಿಟ್ಟಿನ ಪದಗಳಿರುವ ಸಂದೇಶಗಳನ್ನೂ ಕಡಿಮೆ ತೋರಿಸಲಾಯಿತು. ನಂತರ ಆ ಬಳಕೆದಾರರು ತಾವೇ ಬರೆದ ಸಂದೇಶಗಳಲ್ಲಿ ಅಂತಹ ಪದಗಳ ಪ್ರಮಾಣ ಎಷ್ಟಿದೆ ಎಂದು ಎಣಿಸಲಾಯಿತು.

ಸಂತೋಷದ ಸಂದೇಶಗಳನ್ನು ಕಡಿಮೆ ಕಂಡವರ ಬರಹದಲ್ಲಿ ಅಂತಹ ಪದಗಳು ಶೇ 0.1ರಷ್ಟು ಇಳಿದವು. ಪಿ-ಮೌಲ್ಯ 0.001ಕ್ಕಿಂತ ಕಡಿಮೆಯಿತ್ತು, `d` 0.02 ಆಗಿತ್ತು. ವರದಿಯಾದ ಇತರ ಪರಿಣಾಮಗಳ `d` 0.001ರಿಂದ 0.02ರೊಳಗಿತ್ತು. ಅಂದರೆ ಇಲ್ಲಿನ ಅತಿ ದೊಡ್ಡ ಪರಿಣಾಮವೂ ಮೇಲಿನ ಬಂಗುಡೆಯ ಉದಾಹರಣೆಯ ವ್ಯತ್ಯಾಸದಷ್ಟೇ ಚಿಕ್ಕದು. ಒಬ್ಬ ಬಳಕೆದಾರನ ಮನಸ್ಥಿತಿಯನ್ನು ಈ ಪ್ರಯೋಗ ಬದಲಿಸಿತೆಂದು ಹೇಳಲು ಇದು ಆಧಾರವಾಗುವುದಿಲ್ಲ. ಲೇಖಕರು ಬೇರೊಂದು ವಾದ ಮುಂದಿಟ್ಟರು: ಫೇಸ್‌ಬುಕ್‌ನ ಬಳಕೆದಾರರ ಸಂಖ್ಯೆ ಅಗಾಧವಾದುದರಿಂದ 0.001ರಷ್ಟು ಪರಿಣಾಮವೂ ದಿನವೊಂದಕ್ಕೆ ಲಕ್ಷಾಂತರ ಭಾವಸೂಚಕ ಅಭಿವ್ಯಕ್ತಿಗಳಿಗೆ ಸಮವಾಗುತ್ತದೆ. ಈ ವಾದವು ಲೆಕ್ಕದಲ್ಲಿ ಸರಿಯಾದರೂ, ಲಕ್ಷಾಂತರ ಪದಗಳ ಏರಿಳಿತದಿಂದ ಜನರಿಗೆ ಹಾನಿಯೋ ಲಾಭವೋ ಆಗುತ್ತದೆಯೇ ಎಂಬುದಕ್ಕೆ ಬೇರೆಯೇ ಸಾಕ್ಷ್ಯ ಬೇಕಾಗುತ್ತದೆ. ಬಳಕೆದಾರರ ಸ್ಪಷ್ಟ ಒಪ್ಪಿಗೆ ಪಡೆಯದೆ ನಡೆಸಿದ್ದಕ್ಕಾಗಿ ಈ ಪ್ರಯೋಗ ನೈತಿಕ ಟೀಕೆಗೂ ಒಳಗಾಯಿತು.

## ವಾಜಪೇಯಿ ಆರೋಗ್ಯಶ್ರೀ ಅಧ್ಯಯನ

ಪರಿಣಾಮ ಗಾತ್ರದ ಅಂಕಿ ಚಿಕ್ಕದಾದ ಮಾತ್ರಕ್ಕೆ ಪರಿಣಾಮ ನಗಣ್ಯವೆಂದು ತೀರ್ಮಾನಿಸುವುದೂ ತಪ್ಪಾಗಬಹುದು. ಇದಕ್ಕೆ ಕರ್ನಾಟಕದ ವಾಜಪೇಯಿ ಆರೋಗ್ಯಶ್ರೀ ಯೋಜನೆಯ ಅಧ್ಯಯನ ಉತ್ತಮ ನಿದರ್ಶನ. ಬಡತನ ರೇಖೆಗಿಂತ ಕೆಳಗಿನ ಕುಟುಂಬಗಳಿಗೆ ಹೃದ್ರೋಗ, ಕ್ಯಾನ್ಸರ್ ಮುಂತಾದ ದುಬಾರಿ ಕಾಯಿಲೆಗಳಿಗೆ ಉಚಿತ ತಜ್ಞ ಚಿಕಿತ್ಸೆ ಒದಗಿಸುತ್ತಿದ್ದ ಈ ಯೋಜನೆ 2010ರಲ್ಲಿ ರಾಜ್ಯದ ಉತ್ತರ ಭಾಗದಲ್ಲಿ ಮೊದಲು ಜಾರಿಯಾಯಿತು. ಯೋಜನೆ ತಲುಪಿದ್ದ 300 ಹಳ್ಳಿಗಳನ್ನು, ಅದಿನ್ನೂ ತಲುಪದ ನೆರೆಯ 272 ಹಳ್ಳಿಗಳೊಂದಿಗೆ ನೀರಜ್ ಸೂದ್ ಮತ್ತು ಸಂಗಡಿಗರು ಹೋಲಿಸಿದರು. ಸುಮಾರು 60,000 ಕುಟುಂಬಗಳನ್ನು ಒಳಗೊಂಡ ಈ ಅಧ್ಯಯನ 2014ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಪ್ರಕಟವಾಯಿತು.

ಯೋಜನೆಯ ವ್ಯಾಪ್ತಿಗೆ ಬರುವ ಕಾಯಿಲೆಗಳಿಂದ ಬಡ ಕುಟುಂಬಗಳಲ್ಲಿ ಸಂಭವಿಸಿದ ಮರಣದ ಪ್ರಮಾಣ ಯೋಜನೆ ಇಲ್ಲದ ಹಳ್ಳಿಗಳಲ್ಲಿ ಶೇ 0.90, ಯೋಜನೆ ಇದ್ದ ಹಳ್ಳಿಗಳಲ್ಲಿ ಶೇ 0.32 ಆಗಿತ್ತು. ಪಿ-ಮೌಲ್ಯ 0.001ಕ್ಕಿಂತ ಕಡಿಮೆ. ವ್ಯತ್ಯಾಸದ ಶೇ 95ರ ವಿಶ್ವಾಸಾಂತರ 0.40ರಿಂದ 0.75 ಶೇಕಡಾಂಶಗಳವರೆಗೆ ಇತ್ತು. ಯೋಜನೆಗೆ ಅರ್ಹವಲ್ಲದ, ಬಡತನ ರೇಖೆಗಿಂತ ಮೇಲಿನ ಕುಟುಂಬಗಳಲ್ಲಿ ಎರಡು ಬಗೆಯ ಹಳ್ಳಿಗಳ ಪ್ರಮಾಣಗಳು ಶೇ 0.56 ಮತ್ತು ಶೇ 0.55 ಆಗಿದ್ದು, ವ್ಯತ್ಯಾಸ ಕಂಡುಬರಲಿಲ್ಲ. ಹಳ್ಳಿಗಳನ್ನು ಚೀಟಿ ಎತ್ತಿ ಆರಿಸದ ಅಧ್ಯಯನದಲ್ಲಿ ಇಂತಹ ಅಡ್ಡಹೋಲಿಕೆ ಮುಖ್ಯವಾಗುತ್ತದೆ: ವ್ಯತ್ಯಾಸಕ್ಕೆ ಹಳ್ಳಿಗಳ ಸಾಮಾನ್ಯ ಸ್ಥಿತಿಗತಿಯೇ ಕಾರಣವಾಗಿದ್ದರೆ ಅದು ಈ ಕುಟುಂಬಗಳಲ್ಲಿಯೂ ಕಾಣಬೇಕಿತ್ತು.

ಈಗ ಇದನ್ನು ಮಾನಕೀಕೃತ ಅಳತೆಗೆ ತಂದರೆ ವಿಚಿತ್ರ ಚಿತ್ರ ದೊರೆಯುತ್ತದೆ. ಮರಣ ಸಂಭವಿಸಿದ್ದಕ್ಕೆ 1, ಸಂಭವಿಸದ್ದಕ್ಕೆ 0 ಎಂದು ಬರೆದು ಲೆಕ್ಕ ಹಾಕಿದರೆ ಮಾನಕ ವಿಚಲನೆ ಸುಮಾರು 0.078, ವ್ಯತ್ಯಾಸ 0.0058. ಆಗ `d` ಸುಮಾರು 0.07. ಕೊಹೆನ್ ಅವರ ಮಟ್ಟಗಳ ಪ್ರಕಾರ ಇದು ಚಿಕ್ಕ ಪರಿಣಾಮವೆಂದು ಕರೆಯಲೂ ಸಾಲದು. ಆದರೆ ಮೂಲ ಮಾನದಲ್ಲಿ, ಹತ್ತು ಸಾವಿರಕ್ಕೆ 90ರಷ್ಟಿದ್ದ ಮರಣ 32ಕ್ಕೆ ಇಳಿದಿದೆ. ಅಂದರೆ ಹತ್ತಿರ ಹತ್ತಿರ ಮೂರನೆಯ ಒಂದು ಭಾಗಕ್ಕೆ.

ಈ ವಿರೋಧಾಭಾಸಕ್ಕೆ ಕಾರಣ ಮಾನಕೀಕರಣದ ಕ್ರಮದಲ್ಲಿಯೇ ಇದೆ. ಅಪರೂಪದ ಘಟನೆಯಲ್ಲಿ ಬಹುಪಾಲು ಕುಟುಂಬಗಳ ದಾಖಲೆ ಎರಡೂ ಕಡೆ ಸೊನ್ನೆಯೇ ಆಗಿರುವುದರಿಂದ, ಆ ಘಟನೆಯನ್ನು ಪೂರ್ತಿಯಾಗಿ ಇಲ್ಲವಾಗಿಸಿದರೂ `d` ದೊಡ್ಡದಾಗಲು ಅವಕಾಶವಿರುವುದಿಲ್ಲ. ಇದೇ ಅಂಕಿಗಳಿಂದ ಸಾಧ್ಯತಾನುಪಾತವನ್ನು ಲೆಕ್ಕ ಹಾಕಿದರೆ ಅದು ಸುಮಾರು 0.35, ಅದನ್ನು ಸಂಶೋಧಕರು ಬಳಸುವ ಸಾಮಾನ್ಯ ಸೂತ್ರದಿಂದ (ಅನುಪಾತದ ಲಾಗರಿತಮ್ ಅನ್ನು √3/π ಇಂದ ಗುಣಿಸಿ) `d`ಗೆ ಪರಿವರ್ತಿಸಿದರೆ ಪರಿಮಾಣ ಸುಮಾರು 0.57 ಆಗುತ್ತದೆ. ಅದೇ ದತ್ತಾಂಶ ಒಂದು ಕ್ರಮದಲ್ಲಿ ನಗಣ್ಯ, ಇನ್ನೊಂದರಲ್ಲಿ ಮಧ್ಯಮಕ್ಕಿಂತ ಹೆಚ್ಚು. ಆದ್ದರಿಂದ ಮರಣ, ಅಪಘಾತ, ರೋಗಸಂಭವಗಳಂತಹ ಹೌದು-ಇಲ್ಲ ಎಂಬ ಫಲಿತಾಂಶಗಳಲ್ಲಿ ಯಾವ ಸೂತ್ರದಿಂದ ಬಂದ `d` ಎಂದು ತಿಳಿಸದೆ ಬರೀ ಅಂಕಿಯನ್ನು ಕೊಡುವುದು ಓದುಗರನ್ನು ದಾರಿತಪ್ಪಿಸುತ್ತದೆ. ಹತ್ತು ಸಾವಿರಕ್ಕೆ ಎಷ್ಟು ಮರಣಗಳು ತಪ್ಪಿದವು ಎಂಬ ನೇರ ಲೆಕ್ಕ ಇಂತಹ ಕಡೆ ಹೆಚ್ಚು ಉಪಯುಕ್ತ.

## ತೀರ್ಮಾನಿಸುವ ಕ್ರಮ

ಮೇಲಿನ ಎರಡು ಅಧ್ಯಯನಗಳಲ್ಲಿಯೂ ಮಾದರಿ ಅತಿ ದೊಡ್ಡದು, ಪಿ-ಮೌಲ್ಯ 0.001ಕ್ಕಿಂತ ಕಡಿಮೆ, `d` 0.1ಕ್ಕಿಂತ ಕಡಿಮೆ. ಆದರೂ ಎರಡರ ವ್ಯಾವಹಾರಿಕ ಮಹತ್ವ ಒಂದೇ ಅಲ್ಲ. ಒಂದರಲ್ಲಿ ಅಳೆದದ್ದು ಬರಹದಲ್ಲಿನ ಪದಗಳನ್ನು, ಇನ್ನೊಂದರಲ್ಲಿ ಮರಣವನ್ನು. ಯಾವುದು ಬದಲಾಯಿತು, ಆ ಬದಲಾವಣೆಗೆ ಎಷ್ಟು ಖರ್ಚಾಗುತ್ತದೆ, ಅದು ಯಾರ ಪಾಲಿಗೆ ಬರುತ್ತದೆ ಎಂಬ ಪ್ರಶ್ನೆಗಳಿಗೆ ಪಿ-ಮೌಲ್ಯದಲ್ಲಾಗಲಿ `d`ಯಲ್ಲಾಗಲಿ ಉತ್ತರವಿಲ್ಲ.

ಈ ಕಾರಣದಿಂದ, ನಿರ್ಧಾರವನ್ನು ಬದಲಿಸಬಲ್ಲ ಕನಿಷ್ಠ ವ್ಯತ್ಯಾಸ ಎಷ್ಟೆಂಬುದನ್ನು ದತ್ತಾಂಶ ನೋಡುವ ಮೊದಲೇ ಮೂಲ ಮಾನದಲ್ಲಿ ಗೊತ್ತುಪಡಿಸಿ, ನಂತರ ವಿಶ್ವಾಸಾಂತರವನ್ನು ಅದರೊಂದಿಗೆ ಹೋಲಿಸುವ ಕ್ರಮವನ್ನು ಅನುಸರಿಸಲಾಗುತ್ತದೆ. ಬಂಗುಡೆಯ ಉದಾಹರಣೆಯಲ್ಲಿ, ಉದ್ದ ಕನಿಷ್ಠ 1 ಸೆಂ.ಮೀ. ಹೆಚ್ಚಿದರೆ ಮಾತ್ರ ನಿಷೇಧದ ವಿಸ್ತರಣೆ ಸಾರ್ಥಕವೆಂದು ಮೊದಲೇ ಒಪ್ಪಿಕೊಂಡಿದ್ದರೆ, ಪ್ರತಿ ವರ್ಷ 100 ಮೀನುಗಳನ್ನು ಅಳೆದಾಗ ವ್ಯತ್ಯಾಸದ ಶೇ 95ರ ವಿಶ್ವಾಸಾಂತರ ಸುಮಾರು −6.4 ಮಿ.ಮೀ.ಯಿಂದ +7.4 ಮಿ.ಮೀ.ವರೆಗೆ ಇರುತ್ತದೆ. ಮೀನು ಗಿಡ್ಡವಾಗಿದೆಯೋ ಉದ್ದವಾಗಿದೆಯೋ ಎಂಬುದೇ ಇಲ್ಲಿ ಅಸ್ಪಷ್ಟ; ಆದರೂ 1 ಸೆಂ.ಮೀ.ನಷ್ಟು ಹೆಚ್ಚಳ ಅಸಂಭವವೆಂಬುದು ಆಗಲೇ ಕಾಣುತ್ತದೆ. ಮೀನುಗಳು ಪರಸ್ಪರ ಸ್ವತಂತ್ರವೆಂದು ಭಾವಿಸಿ ಪ್ರತಿ ವರ್ಷ ಒಂದು ಲಕ್ಷ ಮೀನುಗಳನ್ನು ಅಳೆದರೆ ವಿಶ್ವಾಸಾಂತರ 0.28 ಮಿ.ಮೀ.ಯಿಂದ 0.72 ಮಿ.ಮೀ.ಗೆ ಕುಗ್ಗುತ್ತದೆ. ಅದು ಸೊನ್ನೆಯನ್ನು ಒಳಗೊಂಡಿಲ್ಲ, ಹಾಗಾಗಿ ವ್ಯತ್ಯಾಸ ಸಾಂಖ್ಯಿಕವಾಗಿ ಮಹತ್ವದ್ದು. ಅದೇ ವೇಳೆ ಅದರ ಮೇಲಿನ ತುದಿಯೂ 1 ಸೆಂ.ಮೀ.ನಿಂದ ಬಹಳ ಕೆಳಗಿದೆ, ಹಾಗಾಗಿ ವ್ಯಾವಹಾರಿಕವಾಗಿ ಮಹತ್ವವಿಲ್ಲದ್ದು. ಎರಡು ಹೇಳಿಕೆಗಳ ನಡುವೆ ವಿರೋಧವಿಲ್ಲ. ಇಂತಹ ತೀರ್ಮಾನವನ್ನು ವಿಧ್ಯುಕ್ತವಾಗಿ ಕೈಗೊಳ್ಳುವ ವಿಧಾನಕ್ಕೆ ಸಮಾನತಾ ಪರೀಕ್ಷೆ ಎಂದು ಹೆಸರು.

ಹೀಗೆ ನೋಡಿದಾಗ ದೊಡ್ಡ ಮಾದರಿಯು ದೋಷವಲ್ಲ. ವ್ಯತ್ಯಾಸ ಇದೆಯೇ ಎಂಬ ಪ್ರಶ್ನೆಗೆ ಅದು ಹೆಚ್ಚುಕಡಿಮೆ ಯಾವಾಗಲೂ ಇದೆ ಎಂದೇ ಉತ್ತರಿಸುತ್ತದೆ. ಆದುದರಿಂದ ಆ ಪ್ರಶ್ನೆಗೆ ಅಲ್ಲಿ ಹೆಚ್ಚಿನ ಬೆಲೆಯಿಲ್ಲ. ವ್ಯತ್ಯಾಸ ಎಷ್ಟು ಎಂಬ ಪ್ರಶ್ನೆಗೆ ಮಾತ್ರ, ಅಳತೆ ನಿಷ್ಪಕ್ಷಪಾತವಾಗಿದ್ದು ಘಟಕಗಳನ್ನು ಸರಿಯಾಗಿ ಎಣಿಸಿದ್ದರೆ, ಚಿಕ್ಕ ಮಾದರಿಯಿಂದ ಸಿಗದಷ್ಟು ನಿಖರವಾದ ಉತ್ತರವನ್ನು ಅದು ನೀಡುತ್ತದೆ.